ಎಲ್ಲ ನೇರ ದಾರಿಗಳೂ ಸೊನ್ನೆಗೆ, ಒಂದು ಬಾಗುದಾರಿ ಅರ್ಧಕ್ಕೆ



ಇವತ್ತಿನ ಉಪನ್ಯಾಸಕ್ಕೆ ನಾನು ಒಂದೇ ಒಂದು ಫಲನವನ್ನು ಆಯ್ದುಕೊಂಡಿದ್ದೇನೆ. ಹಲಗೆಯ ಮೇಲೆ ಅದು ಒಂದು ಸಾಲಿನಲ್ಲಿ ಮುಗಿಯುತ್ತದೆ:

f(x, y) = x²y / (x⁴ + y²)

ಮೂಲಬಿಂದುವಿನಲ್ಲಿ ಛೇದ ಸೊನ್ನೆಯಾಗುವುದರಿಂದ ಅಲ್ಲಿ ಈ ಸೂತ್ರಕ್ಕೆ ಅರ್ಥವಿಲ್ಲ. ಅದೊಂದು ಬಿಂದುವನ್ನು ಬಿಟ್ಟರೆ ಸಮತಲದ ಬೇರೆಲ್ಲ ಕಡೆಯೂ ಇದು ಸೌಮ್ಯವಾಗಿ ವರ್ತಿಸುವ ಫಲನ. ಮೂಲಬಿಂದುವಿಗೆ ಹತ್ತಿರ ಹತ್ತಿರ ಹೋದ ಹಾಗೆ f ಯಾವುದಾದರೂ ಒಂದು ಬೆಲೆಗೆ ಹತ್ತಿರವಾಗುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ. ಬಿ.ಎಸ್ಸಿ. ತರಗತಿಯಲ್ಲಿ ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ. ಆ ಹತ್ತು ನಿಮಿಷದಲ್ಲಿ ಉತ್ತರವೇನೋ ಸಿಗುತ್ತದೆ, ಕಾರಣ ಸಿಗುವುದಿಲ್ಲ. ನನಗೆ ಮುಖ್ಯವೆನಿಸುವುದು ಕಾರಣ. ಆದ್ದರಿಂದ ಇವತ್ತು ಅದರ ಹತ್ತಿರ ನಿಧಾನವಾಗಿ ಹೋಗೋಣ.

ಒಂದೇ ಚರವಿರುವ ಫಲನದಲ್ಲಿ ಸೊನ್ನೆಯನ್ನು ಸಮೀಪಿಸಲು ಎರಡೇ ಬದಿ, ಎಡ ಮತ್ತು ಬಲ. ಎರಡೂ ಕಡೆಯಿಂದ ಒಂದೇ ಬೆಲೆ ಬಂದರೆ ಮಿತಿ ಇದೆ, ಅಲ್ಲಿಗೆ ಮುಗಿಯಿತು. ಎರಡು ಚರಗಳು ಬಂದಾಗ ಮೊದಲು ಹೊಳೆಯುವ ಯೋಚನೆ ಸಹಜವಾದದ್ದೇ: ಇಲ್ಲಿ ದಿಕ್ಕುಗಳು ಅನಂತ, ಹಾಗಾಗಿ ಎಲ್ಲ ದಿಕ್ಕಿನಿಂದಲೂ ಬಂದು ನೋಡೋಣ, ಎಲ್ಲ ಕಡೆಯೂ ಒಂದೇ ಬೆಲೆ ಸಿಕ್ಕರೆ ಮಿತಿ ಇದೆ ಎನ್ನೋಣ. ಈ ಯೋಚನೆಯನ್ನೇ ನಮ್ಮ ಫಲನದ ಮೇಲೆ ಪ್ರಯೋಗಿಸುತ್ತೇನೆ.

ಮೂಲಬಿಂದುವಿನ ಮೂಲಕ ಹಾದುಹೋಗುವ ಸರಳರೇಖೆ y = mx. ಇಲ್ಲಿ m ರೇಖೆಯ ಇಳಿಜಾರು. y ಇದ್ದಲ್ಲಿ mx ಹಾಕಿದರೆ ಅಂಶ mx³, ಛೇದ x⁴ + m²x². ಮೇಲೂ ಕೆಳಗೂ x² ಹೊಡೆದುಹಾಕಿದರೆ ಉಳಿಯುವುದು

f(x, mx) = mx / (x² + m²)

m ಸೊನ್ನೆಯಲ್ಲದ ಯಾವುದೇ ಸಂಖ್ಯೆಯಾಗಿರಲಿ, x ಸೊನ್ನೆಯತ್ತ ಹೋದಾಗ ಅಂಶ ಸೊನ್ನೆಯತ್ತ ಹೋಗುತ್ತದೆ, ಛೇದ m² ಎಂಬ ಧನಸಂಖ್ಯೆಯತ್ತ ಹೋಗುತ್ತದೆ. ಮಿತಿ ಸೊನ್ನೆ. m ಸೊನ್ನೆಯಾದರೆ ನಾವಿರುವುದು x-ಅಕ್ಷದ ಮೇಲೆ, ಅಲ್ಲಿ y ಸೊನ್ನೆಯಾದ್ದರಿಂದ f ಕೂಡ ಸೊನ್ನೆಯೇ. ಲಂಬವಾಗಿ ನಿಂತ y-ಅಕ್ಷದ ಮೇಲೆ x ಸೊನ್ನೆ, ಅಲ್ಲೂ f ಸೊನ್ನೆ. ಒಂದು ರೇಖೆಯೂ ಬಾಕಿ ಉಳಿಯಲಿಲ್ಲ. ಎಲ್ಲ ದಿಕ್ಕಿನಿಂದಲೂ ಉತ್ತರ ಸೊನ್ನೆ.

ಈಗ y = x² ಎಂಬ ಪರವಲಯದ ಮೇಲೆ ಬನ್ನಿ. ಅಂಶ x²·x², ಅಂದರೆ x⁴. ಛೇದ x⁴ + x⁴, ಅಂದರೆ 2x⁴. ಭಾಗಿಸಿದರೆ ಅರ್ಧ. ಇಲ್ಲಿ ಅರ್ಧಕ್ಕೆ ಹತ್ತಿರವಾಗುವ ಮಾತೇ ಇಲ್ಲ. ಪರವಲಯದ ಪ್ರತಿಯೊಂದು ಬಿಂದುವಿನಲ್ಲೂ ಬೆಲೆ ಕರಾರುವಾಕ್ಕಾಗಿ ಅರ್ಧ, ಮೂಲಬಿಂದುವಿನಿಂದ ಎಷ್ಟೇ ಸಣ್ಣ ದೂರದಲ್ಲಿದ್ದರೂ ಅರ್ಧ. ಹಾಗಾದ ಮೇಲೆ ಮೂಲಬಿಂದುವಿನಲ್ಲಿ f ಗೆ ಮಿತಿ ಇಲ್ಲ. ಬೀಜಗಣಿತ ಇಷ್ಟೇ.

ಆದರೆ ಒಂದು ತೊಡಕು ಹಾಗೇ ಉಳಿಯುತ್ತದೆ. ಪರವಲಯದ ಮೇಲಿರುವ ಪ್ರತಿ ಬಿಂದುವೂ ಮೂಲಬಿಂದುವಿನಿಂದ ಹೊರಟ ಒಂದಲ್ಲ ಒಂದು ಸರಳರೇಖೆಯ ಮೇಲೆ ಇದ್ದೇ ಇದೆ. ಎಲ್ಲ ಸರಳರೇಖೆಗಳನ್ನೂ ಪರೀಕ್ಷಿಸಿದ್ದೇವೆ ಎಂದಮೇಲೆ ಸಮತಲದ ಎಲ್ಲ ಬಿಂದುಗಳನ್ನೂ ಮುಟ್ಟಿದ್ದೇವೆ. ಹಾಗಿದ್ದೂ ಈ ಅರ್ಧ ಎಲ್ಲಿ ಅಡಗಿ ಕುಳಿತಿತ್ತು?

ಇದಕ್ಕೆ ಉತ್ತರ ಬೇಕಾದರೆ ಒಂದು ಸರಳರೇಖೆಯನ್ನು ಹಿಡಿದು ಅದರುದ್ದಕ್ಕೂ ಸಾಗಿ ನೋಡಬೇಕು. ಇಳಿಜಾರು m = 0.01 ಇರುವ, ಬಹುತೇಕ ಮಲಗಿದಂತಿರುವ ರೇಖೆಯನ್ನು ತೆಗೆದುಕೊಳ್ಳೋಣ. x = 1 ರಲ್ಲಿ f ಸುಮಾರು 0.01, ಸೊನ್ನೆಗೆ ತೀರ ಹತ್ತಿರ. ಮೂಲಬಿಂದುವಿನ ಕಡೆ ಸಾಗಿ x = 0.1 ಕ್ಕೆ ಬಂದರೆ ಬೆಲೆ 0.099. ಇಳಿಯಬೇಕಾದದ್ದು ಏರುತ್ತಿದೆ. x = 0.02 ರಲ್ಲಿ 0.4. x = 0.01 ರಲ್ಲಿ ಸರಿಯಾಗಿ 0.5. ಅಲ್ಲಿಂದ ಇಳಿತ ಆರಂಭ: x = 0.005 ರಲ್ಲಿ ಮತ್ತೆ 0.4, x = 0.001 ರಲ್ಲಿ 0.099, x = 0.0001 ರಲ್ಲಿ ಸುಮಾರು 0.01. ಆಮೇಲೆ ಸೊನ್ನೆಯ ಕಡೆಗೆ ಸಲೀಸಾಗಿ ಇಳಿಯುತ್ತದೆ. ಮಿತಿ ಸೊನ್ನೆ ಎಂದು ನಾವು ಬರೆದದ್ದು ತಪ್ಪಲ್ಲ. ಆದರೆ ಸೊನ್ನೆಗೆ ಹೋಗುವ ದಾರಿಯಲ್ಲಿ ಫಲನ ಒಂದು ದಿಬ್ಬವನ್ನು ಹತ್ತಿ ಇಳಿಯುತ್ತದೆ, ಆ ದಿಬ್ಬದ ತುದಿಯ ಎತ್ತರ ಅರ್ಧ.

ಎರಡು ಅಕ್ಷಗಳನ್ನು ಬಿಟ್ಟರೆ ಬೇರೆ ಯಾವ ರೇಖೆಯನ್ನು ಹಿಡಿದರೂ ಇದೇ ಕತೆ. mx / (x² + m²) ಎಂಬುದರಲ್ಲಿ x = m ಎಂದು ಹಾಕಿದರೆ m² / 2m², ಅಂದರೆ ಅರ್ಧ. ಇಳಿಜಾರು m ಇರುವ ರೇಖೆ ತನ್ನ ದಿಬ್ಬವನ್ನು ಏರುವುದು (m, m²) ಎಂಬ ಬಿಂದುವಿನಲ್ಲಿ. ಅದು ಪರವಲಯದ ಮೇಲಿರುವ ಬಿಂದು. ಅಂಥ ಪ್ರತಿ ಸರಳರೇಖೆಯೂ ಪರವಲಯವನ್ನು ಒಂದು ಕಡೆ ದಾಟುತ್ತದೆ, ದಾಟಿದ ಮೇಲೆ ಸೊನ್ನೆಗೆ ಇಳಿಯುತ್ತದೆ. ರೇಖೆ ಹೆಚ್ಚು ಮಲಗಿದಷ್ಟೂ ಆ ದಾಟುವ ಜಾಗ ಮೂಲಬಿಂದುವಿಗೆ ಹತ್ತಿರ. m ಹತ್ತು ಲಕ್ಷದಲ್ಲೊಂದು ಭಾಗವಾದರೆ ದಿಬ್ಬವೂ ಮೂಲಬಿಂದುವಿನಿಂದ ಹತ್ತು ಲಕ್ಷದಲ್ಲೊಂದು ಭಾಗದ ದೂರದಲ್ಲಿ ಕುಳಿತಿರುತ್ತದೆ. ಅಂಥ ಯಾವ ರೇಖೆಗೂ ದಿಬ್ಬ ತಪ್ಪಿದ್ದಲ್ಲ. ಇಷ್ಟು ಹೊತ್ತು ಕೇಳಿದ ಪ್ರಶ್ನೆಗೆ ಉತ್ತರ ಇದೇ: ಅರ್ಧ ಎಲ್ಲೂ ಅಡಗಿರಲಿಲ್ಲ. ಅಂಥ ಪ್ರತಿ ರೇಖೆಯೂ ಅದನ್ನು ಮುಟ್ಟಿಯೇ ಹೋಗಿತ್ತು. ಮಿತಿ ಎಂಬುದು ಕೊನೆಯ ತುಣುಕನ್ನು ಮಾತ್ರ ನೋಡುವುದರಿಂದ ರೇಖೆಯ ಹಿಂದಿನ ಕತೆ ನಮ್ಮ ಲೆಕ್ಕಕ್ಕೆ ಬರಲಿಲ್ಲ.

f ನ ಬೆಲೆಯನ್ನು ನೆಲದ ಎತ್ತರ ಎಂದುಕೊಂಡರೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಪರವಲಯದ ನೆತ್ತಿಯ ಮೇಲೆ ಬೆಟ್ಟದ ಏಣಿನ ಹಾಗೆ ಒಂದು ಉದ್ದನೆಯ ಏಣು ಇದೆ. ಅದರ ಎತ್ತರ ಉದ್ದಕ್ಕೂ ಅರ್ಧ, ಮೂಲಬಿಂದುವಿನ ತನಕ ಎಲ್ಲೂ ತಗ್ಗುವುದಿಲ್ಲ. ಏಣಿನ ಅಗಲ ಮಾತ್ರ ಮೂಲಬಿಂದುವಿನ ಕಡೆ ಬಂದಂತೆಲ್ಲ ಕಿರಿದಾಗುತ್ತ ಹೋಗುತ್ತದೆ. ಎಷ್ಟು ಕಿರಿದು ಎನ್ನುವುದನ್ನು ಅಳೆಯಬಹುದು. y = kx² ಎಂಬ ಪರವಲಯದ ಮೇಲೆ f ನ ಬೆಲೆ ಎಲ್ಲ ಕಡೆಯೂ k / (1 + k²). k = 2 ಆದರೂ k = 1/2 ಆದರೂ ಇದು 2/5, ಅಂದರೆ 0.4. ಹಾಗಾಗಿ y = x²/2 ಮತ್ತು y = 2x² ಎಂಬ ಎರಡು ಪರವಲಯಗಳ ನಡುವಿನ ಜಾಗದಲ್ಲೆಲ್ಲ f 0.4 ಕ್ಕಿಂತ ಕಡಿಮೆಯಿಲ್ಲ. ಈ ಜಾಗ ಕೊಂಬಿನ ಆಕಾರದ್ದು, ಅದರ ಮೊನೆ ಮೂಲಬಿಂದುವಿನಲ್ಲಿ. ಮೂಲಬಿಂದುವಿನಿಂದ 0.001 ದೂರದಲ್ಲಿ ಕೊಂಬಿನ ಅಗಲ ಸುಮಾರು 0.0000015. ದೂರ ಹತ್ತು ಪಟ್ಟು ಕಡಿಮೆಯಾದರೆ ಅಗಲ ನೂರು ಪಟ್ಟು ಕಡಿಮೆಯಾಗುತ್ತದೆ. ಇಳಿಜಾರು m ಇರುವ ಸರಳರೇಖೆ ಈ ಕೊಂಬಿನೊಳಗೆ ಇರುವುದು x ನ ಬೆಲೆ m/2 ಮತ್ತು 2m ಗಳ ನಡುವೆ ಇರುವಾಗ ಮಾತ್ರ. 0.01 ರ ರೇಖೆಯ ಮೇಲೆ ಈಗಾಗಲೇ ಕಂಡ 0.02 ಮತ್ತು 0.005 ಎಂಬ ಎರಡು ಜಾಗಗಳು ಕೊಂಬಿನ ಎರಡು ಗಡಿಗಳು. ಮೊನೆಯ ತನಕ ಕೊಂಬಿನೊಳಗೇ ಉಳಿಯಬಲ್ಲ ಸರಳರೇಖೆ ಒಂದೂ ಇಲ್ಲ, ಏಕೆಂದರೆ ಕೊಂಬು x-ಅಕ್ಷಕ್ಕೆ ಒರಗಿಕೊಂಡು ಮೊನೆ ಸೇರುತ್ತದೆ, ಆದರೆ x-ಅಕ್ಷ ಆ ಕೊಂಬಿನ ಹೊರಗಿದೆ.

ಇದನ್ನೇ ವಿಶ್ಲೇಷಣೆಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಮಿತಿ ಸೊನ್ನೆ ಎಂಬ ಮಾತಿನ ಅರ್ಥ: ನೀವು ಎಷ್ಟು ಸಣ್ಣ ε ಕೊಟ್ಟರೂ ಅದಕ್ಕೊಂದು δ ಹುಡುಕಿಕೊಡುತ್ತೇನೆ, ಮೂಲಬಿಂದುವಿನಿಂದ δ ಗಿಂತ ಹತ್ತಿರವಿರುವ ಎಲ್ಲ ಬಿಂದುಗಳಲ್ಲೂ ಫಲನದ ಬೆಲೆಯ ಗಾತ್ರ ε ಗಿಂತ ಸಣ್ಣದಾಗಿರುತ್ತದೆ. ಇಲ್ಲಿ 'ಎಲ್ಲ ಬಿಂದುಗಳಲ್ಲೂ' ಎಂಬುದಕ್ಕೆ ಒತ್ತು. ನಮ್ಮ ಫಲನಕ್ಕೆ ε = 1/10 ಎಂದಿಟ್ಟುಕೊಳ್ಳಿ. ಇಳಿಜಾರು m ಇರುವ ರೇಖೆಯ ಮೇಲೆ f 1/10 ಕ್ಕಿಂತ ಕೆಳಗೇ ಉಳಿಯಬೇಕಾದರೆ x ಸುಮಾರು m/10 ಕ್ಕಿಂತ ಸಣ್ಣದಾಗಬೇಕು. ವರ್ಗಸಮೀಕರಣ ಬಿಡಿಸಿದರೆ ಕರಾರುವಾಕ್ಕಾದ ಗುಣಕ 5 − √24, ಅಂದರೆ 0.101. m = 1 ಆದರೆ δ ಗೆ 0.1 ಸಾಕು. m = 0.01 ಆದರೆ 0.001 ಬೇಕು. m ಹತ್ತು ಲಕ್ಷದಲ್ಲೊಂದಾದರೆ ಕೋಟಿಯಲ್ಲೊಂದು ಬೇಕು. ಪ್ರತಿ ರೇಖೆಗೂ ಅದರದೇ ಆದ δ ಇದೆ. ರೇಖೆಗಳು ನೂರೋ ಸಾವಿರವೋ ಆಗಿದ್ದರೆ ಆ δ ಗಳಲ್ಲಿ ಅತಿ ಸಣ್ಣದನ್ನು ಆರಿಸಿ ಎಲ್ಲಕ್ಕೂ ಅದನ್ನೇ ಕೊಡಬಹುದಿತ್ತು. ರೇಖೆಗಳು ಅನಂತ, δ ಗಳು ಸೊನ್ನೆಯ ಕಡೆಗೆ ಕುಗ್ಗುತ್ತ ಹೋಗುತ್ತವೆ, ಎಲ್ಲಕ್ಕೂ ಸಲ್ಲುವ ಒಂದು ಧನ δ ಉಳಿಯುವುದೇ ಇಲ್ಲ. ದಿಕ್ಕುಗಳ ಮೇಲೆ ಏಕರೂಪತೆ ಇಲ್ಲ ಎನ್ನುವುದು ಇದಕ್ಕೇ. ಪರವಲಯ ಮಾಡುವ ಕೆಲಸವೆಂದರೆ ಪ್ರತಿ ರೇಖೆಯ ಮೇಲೂ ಕೆಟ್ಟ ಬಿಂದುವನ್ನು ಹೆಕ್ಕಿ, ಅವೆಲ್ಲವನ್ನೂ ಒಂದೇ ದಾರವಾಗಿ ಪೋಣಿಸುವುದು.

ಉತ್ತರಪತ್ರಿಕೆಗಳಲ್ಲಿ ಪದೇಪದೇ ಎದುರಾಗುವ ಒಂದು ವಾದದಲ್ಲಿ ಇರುವ ದೋಷವೂ ಇದೇ. ವಿದ್ಯಾರ್ಥಿ x = r cos θ, y = r sin θ ಎಂದು ಬರೆಯುತ್ತಾನೆ. ಆಗ

f = r cos²θ sin θ / (r² cos⁴θ + sin²θ)

r ಸೊನ್ನೆಗೆ ಹೋದರೆ ಅಂಶ ಸೊನ್ನೆ, ಛೇದ sin²θ, ಹಾಗಾಗಿ ಮಿತಿ ಸೊನ್ನೆ ಎಂದು ಮುಗಿಸುತ್ತಾನೆ. ಸಾಲುಗಳು ಅಚ್ಚುಕಟ್ಟಾಗಿರುತ್ತವೆ, ಓದುವವರೂ ಒಮ್ಮೊಮ್ಮೆ ಅಂಕ ಕೊಟ್ಟುಬಿಡುತ್ತಾರೆ. ಆದರೆ θ ವನ್ನು ಕದಲದಂತೆ ಹಿಡಿದು r ಅನ್ನು ಕುಗ್ಗಿಸುವುದೆಂದರೆ ಸರಳರೇಖೆಯ ಮೇಲೆ ಹೋಗುವುದೇ. ಬಟ್ಟೆ ಹೊಸದು, ಪರೀಕ್ಷೆ ಹಳೆಯದು. θ ಕೂಡ r ನ ಜೊತೆಗೇ ಕುಗ್ಗಬಹುದು. sin θ = r cos²θ ಆಗುವ ಹಾಗೆ θ ವನ್ನು ಆರಿಸಿದರೆ ಛೇದದ ಎರಡು ಪದಗಳೂ ಸಮನಾಗಿ f ಅರ್ಧದಲ್ಲೇ ನಿಲ್ಲುತ್ತದೆ. ಧ್ರುವ ನಿರ್ದೇಶಾಂಕಗಳನ್ನು ಬಳಸಬಾರದೆಂದು ನಾನು ಹೇಳುತ್ತಿಲ್ಲ. x²y / (x² + y²) ಎಂಬ ನೆಂಟ ಫಲನವನ್ನು ತೆಗೆದುಕೊಳ್ಳಿ. ಅಲ್ಲಿ ಬರುವುದು r cos²θ sin θ. θ ಏನೇ ಆಗಿರಲಿ, ಇದರ ಗಾತ್ರ r ಅನ್ನು ಮೀರಲಾರದು. ಈ r ಎಂಬ ಮೇಲ್ಮಿತಿಯಲ್ಲಿ θ ಇಲ್ಲ, ಅದೇ ಅದರ ಬಲ. ಅಲ್ಲಿ ಮಿತಿ ನಿಜವಾಗಿಯೂ ಸೊನ್ನೆ. ಉತ್ತರಪತ್ರಿಕೆ ತಿದ್ದುವಾಗ ನಾನು ಹುಡುಕುವುದು ಇದೊಂದನ್ನೇ: θ ಇಲ್ಲದ ಮೇಲ್ಮಿತಿ ಬರೆದಿದ್ದಾರೆಯೇ?

ಕಂಪ್ಯೂಟರಿನಲ್ಲಿ ಅಂಕಿ ಹಾಕಿ ನೋಡುವವರಿಗೂ ಇಲ್ಲಿ ಎಚ್ಚರಿಕೆ ಬೇಕು. ಮೂಲಬಿಂದುವಿನ ಸುತ್ತ 0.001 ತ್ರಿಜ್ಯದ ವೃತ್ತ ಎಳೆದು, ಪ್ರತಿ ಒಂದು ಡಿಗ್ರಿಗೆ ಒಂದರಂತೆ 360 ಬಿಂದುಗಳಲ್ಲಿ f ಅನ್ನು ಲೆಕ್ಕ ಹಾಕಿದಿರಿ ಎಂದುಕೊಳ್ಳಿ. ಸಿಗುವ ಅತಿ ದೊಡ್ಡ ಬೆಲೆ ಒಂದು ಡಿಗ್ರಿಯ ದಿಕ್ಕಿನಲ್ಲಿ, ಸುಮಾರು 0.057. ತ್ರಿಜ್ಯವನ್ನು 0.0001 ಮಾಡಿದರೆ 0.0057. ಇನ್ನೂ ಹತ್ತು ಪಟ್ಟು ಇಳಿಸಿದರೆ 0.00057. ಸಂಖ್ಯೆಗಳು ಎಷ್ಟು ಶಿಸ್ತಾಗಿ ಇಳಿಯುತ್ತವೆಂದರೆ ಮಿತಿ ಸೊನ್ನೆಯೆಂದು ಯಾರಾದರೂ ನಂಬುತ್ತಾರೆ. ಆದರೆ ಆ ಮೂರು ವೃತ್ತಗಳ ಮೇಲೂ f ನ ನಿಜವಾದ ಗರಿಷ್ಠ ಬೆಲೆ ಅರ್ಧವೇ. 0.001 ರ ವೃತ್ತದಲ್ಲಿ ಅದು x-ಅಕ್ಷದಿಂದ ಒಂದು ಡಿಗ್ರಿಯ ಹದಿನೇಳನೇ ಒಂದು ಭಾಗದಷ್ಟು ಮೇಲಿದೆ. ಡಿಗ್ರಿಗಳನ್ನು ಎಷ್ಟೇ ಸಣ್ಣದಾಗಿ ಕತ್ತರಿಸಿ ಪಟ್ಟಿ ಮಾಡಿಟ್ಟುಕೊಂಡರೂ ತ್ರಿಜ್ಯ ಕುಗ್ಗುತ್ತಲೇ ಕೊಂಬು ಆ ಪಟ್ಟಿಯಿಂದ ಜಾರಿಕೊಳ್ಳುತ್ತದೆ.

ಹಾಗಾದರೆ ಕೆಟ್ಟ ದಾರಿಯನ್ನು ಪತ್ತೆ ಮಾಡುವುದು ಹೇಗೆ? ಈ ಜಾತಿಯ ಫಲನಗಳಲ್ಲಿ ಛೇದವೇ ಸುಳಿವು ಕೊಡುತ್ತದೆ. x⁴ ಮತ್ತು y² ಎಂಬ ಎರಡು ಪದಗಳಲ್ಲಿ ಒಂದು ಮತ್ತೊಂದನ್ನು ನುಂಗಿಹಾಕುವ ಕಡೆ ಭಿನ್ನರಾಶಿ ಸಣ್ಣದಾಗುತ್ತದೆ. ಎರಡೂ ಸರಿಸಮವಾಗಿ ನಿಲ್ಲುವುದು y ಯ ಗಾತ್ರ x² ದಷ್ಟಾದಾಗ, ಹಾಗಾಗಿ ಅಲ್ಲಿ ನೋಡಬೇಕು. ನಮ್ಮ ಫಲನದಲ್ಲಿ x ಅನ್ನು t ಪಟ್ಟು, y ಯನ್ನು t² ಪಟ್ಟು ಮಾಡಿದರೆ ಬೆಲೆ ಬದಲಾಗುವುದೇ ಇಲ್ಲ. ಮೂಲಬಿಂದುವಿನಿಂದ ದೂರದಲ್ಲಿ ಕಾಣುವ ಪ್ರತಿ ಬೆಲೆಯೂ ಹತ್ತಿರದಲ್ಲೂ ಮತ್ತೆ ಮತ್ತೆ ಬರುತ್ತದೆ. x⁴ + y² ಎಂಬುದು 2x²|y| ಗಿಂತ ಯಾವತ್ತೂ ಕಡಿಮೆಯಾಗುವುದಿಲ್ಲವಾದ್ದರಿಂದ f ನ ಗಾತ್ರ ಅರ್ಧವನ್ನು ದಾಟುವುದಿಲ್ಲ. −1/2 ರಿಂದ 1/2 ರ ತನಕದ ಎಲ್ಲ ಬೆಲೆಗಳೂ ಮೂಲಬಿಂದುವಿನ ಎಷ್ಟೇ ಸಣ್ಣ ನೆರೆಯಲ್ಲೂ ಸಿಗುತ್ತವೆ. ಅಂಶದಲ್ಲಿ ಒಂದು ಘಾತ ಹೆಚ್ಚಿಸಿ x³y / (x⁴ + y²) ಮಾಡಿ ನೋಡಿ. ಅದೇ ಅಸಮತೆ ಈಗ |x|/2 ಎಂಬ ಮೇಲ್ಮಿತಿ ಕೊಡುತ್ತದೆ, ಮಿತಿ ಸೊನ್ನೆಯೆಂದು ಸಾಧಿಸಿದಂತಾಯಿತು. ಒಂದೇ ಒಂದು x ನ ಅಂತರದಲ್ಲಿ ಫಲನದ ಹಣೆಬರಹ ಬದಲಾಯಿತು. ದಾರಿಗಳನ್ನು ಹಿಡಿದು ನೋಡುವುದರಿಂದ ಮಿತಿ ಇಲ್ಲವೆಂದು ತೋರಿಸಬಹುದು, ಇದೆಯೆಂದು ತೋರಿಸಲು ಮೇಲ್ಮಿತಿಯೇ ಬೇಕು.

ಇನ್ನೊಂದು ಸಂಗತಿಯನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಮೂಲಬಿಂದುವಿನಲ್ಲಿ f ಗೆ ಸೊನ್ನೆ ಎಂಬ ಬೆಲೆ ಕೊಡೋಣ. ಈಗ (a, b) ದಿಕ್ಕಿನಲ್ಲಿ f ನ ಏರಿಕೆಯ ದರ ಕೇಳಿದರೆ, b ಸೊನ್ನೆಯಲ್ಲದಿದ್ದಾಗ ಅದು a²/b, b ಸೊನ್ನೆಯಾದಾಗ ಸೊನ್ನೆ. ಅಂದರೆ ಪ್ರತಿ ದಿಕ್ಕಿನಲ್ಲೂ ನಿಷ್ಪನ್ನವಿದೆ. ಒಂದು ಚರದ ಕಲನದಲ್ಲಿ ನಿಷ್ಪನ್ನವಿದ್ದರೆ ಫಲನ ಅವಿಚ್ಛಿನ್ನ ಎಂಬುದು ಮೊದಲ ಪ್ರಮೇಯಗಳಲ್ಲೊಂದು. ಇಲ್ಲಿ ಎಲ್ಲ ದಿಕ್ಕಿನ ನಿಷ್ಪನ್ನಗಳೂ ಕೈಯಲ್ಲಿವೆ, ಫಲನ ಮಾತ್ರ ಅವಿಚ್ಛಿನ್ನವಲ್ಲ. a²/b ಎಂಬ ಉತ್ತರವನ್ನು ಗಮನಿಸಿದರೆ ರೋಗದ ಗುರುತು ಅದರಲ್ಲೇ ಕಾಣುತ್ತದೆ: b ಸಣ್ಣದಾದಂತೆ, ಅಂದರೆ ದಿಕ್ಕು x-ಅಕ್ಷಕ್ಕೆ ಒರಗಿದಂತೆ, ಈ ದರ ಮೇರೆಯಿಲ್ಲದೆ ಬೆಳೆಯುತ್ತದೆ.

ಇನ್ನು ಇತಿಹಾಸ. 1821 ರಲ್ಲಿ ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳಿಗಾಗಿ ಕೋಶಿ ಬರೆದ ವಿಶ್ಲೇಷಣೆಯ ಪಠ್ಯದಲ್ಲಿ ಒಂದು ಪ್ರಮೇಯವಿದೆ: ಹಲವು ಚರಗಳ ಫಲನವೊಂದು ಪ್ರತಿಯೊಂದು ಚರದಲ್ಲೂ ಬಿಡಿಬಿಡಿಯಾಗಿ ಅವಿಚ್ಛಿನ್ನವಾಗಿದ್ದರೆ ಒಟ್ಟಾಗಿಯೂ ಅವಿಚ್ಛಿನ್ನ. ಇಂದಿನ ಅರ್ಥದಲ್ಲಿ ಓದಿದರೆ ಇದು ನಿಲ್ಲುವುದಿಲ್ಲ. ಬೆಲೆಯು ದಿಕ್ಕನ್ನು ಮಾತ್ರ ಅವಲಂಬಿಸಿರುವ, ಎರಡು ಅಕ್ಷಗಳ ಮೇಲೂ ಸೊನ್ನೆಯಾಗಿರುವ ಒಂದು ಫಲನವನ್ನು ಯೋಹಾನೆಸ್ ಥೋಮೆ 1870 ರ ತನ್ನ ಪುಸ್ತಕದಲ್ಲಿ ಕೊಟ್ಟು, ಅದು ಹೈನೆಯದೆಂದು ಹೇಳಿದ. ಆ ಫಲನವನ್ನು ಹಿಡಿಯಲು ಓರೆಯಾದ ಒಂದು ಸರಳರೇಖೆ ಸಾಕು. ಸರಳರೇಖೆಗಳೆಲ್ಲಕ್ಕೂ ತಪ್ಪಿಸಿಕೊಳ್ಳುವ ಫಲನ ಬಂದದ್ದು 1884 ರಲ್ಲಿ, ಟ್ಯೂರಿನ್ನಿನಲ್ಲಿ ಅಚ್ಚಾದ ಕಲನಶಾಸ್ತ್ರದ ಪುಸ್ತಕದಲ್ಲಿ. ಮುಖಪುಟದಲ್ಲಿ ಹಿರಿಯ ಪ್ರಾಧ್ಯಾಪಕ ಆಂಜೆಲೊ ಜೆನೊಕ್ಕಿಯ ಹೆಸರು, ಅದರ ಜೊತೆಗೆ ಡಾ. ಜ್ಯುಸೆಪ್ಪೆ ಪೆಯಾನೊನ ಸೇರ್ಪಡೆಗಳೊಂದಿಗೆ ಎಂಬ ಮಾತು. ಪುಸ್ತಕದ ತಿರುಳು ಇಪ್ಪತ್ತಾರರ ಹರೆಯದ ಸಹಾಯಕ ಪೆಯಾನೊನ ಟಿಪ್ಪಣಿಗಳಲ್ಲಿತ್ತು. ಜೆನೊಕ್ಕಿ ಅದರ ಹೊಣೆ ತನ್ನದಲ್ಲವೆಂದು ಪತ್ರಿಕೆಗಳಲ್ಲಿ ಪ್ರಕಟಣೆಯನ್ನೂ ಕೊಟ್ಟ. ಅಲ್ಲಿರುವ xy² / (x² + y⁴) ಎಂಬುದು ಇವತ್ತಿನ ನಮ್ಮ ಫಲನವೇ, x ಮತ್ತು y ಜಾಗ ಬದಲಿಸಿಕೊಂಡಿವೆ ಅಷ್ಟೆ.

ಅದೇ ಪುಸ್ತಕದಲ್ಲಿ ಪೆಯಾನೊ ಇದೇ ವಿಚಾರವನ್ನು ಕನಿಷ್ಠ ಬೆಲೆಗಳ ಮೇಲೂ ಹರಿಸಿದ. ಪ್ರತಿ ದಿಕ್ಕಿನಲ್ಲೂ ಪರೀಕ್ಷಿಸಿ ಕನಿಷ್ಠವೆಂದು ಕಂಡರೆ ಬಿಂದು ಕನಿಷ್ಠವೇ ಸರಿ ಎಂಬ ತರ್ಕ ಆಗ ಚಾಲ್ತಿಯಲ್ಲಿತ್ತು, ಫ್ರೆಂಚ್ ಗಣಿತಜ್ಞ ಸೆರೆಯ ಹೆಸರಾಂತ ಪಠ್ಯದಲ್ಲೂ ಇತ್ತು. ಪೆಯಾನೊ ಮುಂದಿಟ್ಟ ಫಲನವನ್ನು ನಮ್ಮ ಅಕ್ಷಗಳಿಗೆ ಹೊಂದಿಸಿ ಬರೆದರೆ ಇಂಥದ್ದು:

g(x, y) = (y − x²)(y − 2x²)

y = mx ರೇಖೆಯ ಮೇಲೆ ಇದು x²(m − x)(m − 2x). x ಸಾಕಷ್ಟು ಸಣ್ಣದಾದ ಮೇಲೆ ಎರಡೂ ಆವರಣಗಳಿಗೆ m ನದೇ ಚಿಹ್ನೆ, ಗುಣಲಬ್ಧ ಧನ. x-ಅಕ್ಷದ ಮೇಲೆ 2x⁴, y-ಅಕ್ಷದ ಮೇಲೆ y². ಯಾವ ಸರಳರೇಖೆಯ ಮೇಲೆ ಬಂದರೂ ಮೂಲಬಿಂದು ಕಟ್ಟುನಿಟ್ಟಾಗಿ ಕನಿಷ್ಠ. ಆದರೆ ಎರಡು ಪರವಲಯಗಳ ನಡುವೆ ನುಸುಳಿ y = 1.5x² ಮೇಲೆ ಬಂದರೆ g ನ ಬೆಲೆ −0.25x⁴. ಸೊನ್ನೆಗಿಂತ ಕಡಿಮೆ ಬೆಲೆಗಳು ಮೂಲಬಿಂದುವಿನ ಮಗ್ಗುಲಲ್ಲೇ ಇವೆ. ಇಲ್ಲಿ g ಬಹುಪದಿ, ಛೇದವೇ ಇಲ್ಲ, ಎಷ್ಟು ಬಾರಿ ಬೇಕಾದರೂ ಅವಕಲಿಸಬಹುದು. ಫಲನ ಒರಟಾಗಿದ್ದರಿಂದ ಹೀಗಾಯಿತು ಎಂದು ದೂರಲು ಅವಕಾಶವೇ ಇಲ್ಲ. ನನ್ನ ಮಟ್ಟಿಗೆ ಪೆಯಾನೊನ ಎರಡು ಉದಾಹರಣೆಗಳಲ್ಲಿ ಇದೇ ಹೆಚ್ಚು ಆಳವಾದದ್ದು.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: ಸರಳರೇಖೆಗಳ ಜೊತೆಗೆ ಪರವಲಯಗಳನ್ನೂ ಪರೀಕ್ಷಿಸಿಬಿಟ್ಟರೆ ಸಾಕಲ್ಲವೇ? ಸಾಲದು. x³y / (x⁶ + y²) ಎಂಬುದು ಸರಳರೇಖೆ ಮತ್ತು ಪರವಲಯಗಳ ಮೇಲೆಲ್ಲ ಸೊನ್ನೆಗೆ ಹೋಗಿ y = x³ ಮೇಲೆ ಅರ್ಧದಲ್ಲಿ ನಿಲ್ಲುತ್ತದೆ. ಘಾತ ಏರಿಸುತ್ತ ಹೋಗಬಹುದು. ಘಾತಗಳನ್ನೆಲ್ಲ ಒಂದೇ ಏಟಿಗೆ ದಾಟಬೇಕಾದರೆ x³ ಇದ್ದ ಜಾಗದಲ್ಲಿ h = e^(−1/x²) ಅನ್ನು ಇಟ್ಟು hy / (h² + y²) ಎಂದು ಬರೆಯಿರಿ. h ಎಂಬುದು x ನ ಯಾವುದೇ ಘಾತಕ್ಕಿಂತ ವೇಗವಾಗಿ ಸೊನ್ನೆಗೆ ಓಡುವುದರಿಂದ y = cxⁿ ಎಂಬ ಎಲ್ಲ ರೇಖೆಗಳ ಮೇಲೂ ಮಿತಿ ಸೊನ್ನೆ, y = h ಮೇಲೆ ಅರ್ಧ.

ಹಾಗಾದರೆ ಎಂಥ ರೇಖೆಗಳನ್ನು ಪರೀಕ್ಷಿಸಿದರೆ ನಿಶ್ಚಿಂತೆಯಾಗಿರಬಹುದು ಎಂಬ ಪ್ರಶ್ನೆಗೆ ಆರ್ಥರ್ ರೋಸೆಂತಾಲ್ 1955 ರಲ್ಲಿ ಉತ್ತರ ಕೊಟ್ಟ. ಒಂದೇ ಕಡೆಗೆ ಬಾಗುವ, ಸ್ಪರ್ಶರೇಖೆಯ ದಿಕ್ಕು ಜಿಗಿಯದೆ ಬದಲಾಗುವ ಎಲ್ಲ ವಕ್ರರೇಖೆಗಳ ಮೇಲೂ ಫಲನ ಸರಿಯಾಗಿ ವರ್ತಿಸಿದರೆ ಅದು ಅವಿಚ್ಛಿನ್ನ. ಕಾರಣವನ್ನು ಹೀಗೆ ಕಾಣಬಹುದು. ಫಲನ ಕೆಟ್ಟಿದ್ದರೆ ಮೂಲಬಿಂದುವಿನ ಕಡೆಗೆ ಹೋಗುವ ಕೆಟ್ಟ ಬಿಂದುಗಳ ಸಾಲೊಂದು ಇದೆ. ಅವುಗಳ ದಿಕ್ಕುಗಳು ಯಾವುದೋ ಒಂದು ದಿಕ್ಕಿನ ಸುತ್ತ ಒಟ್ಟಾಗುತ್ತವೆ. ಆ ದಿಕ್ಕನ್ನೇ x-ಅಕ್ಷ ಎಂದುಕೊಳ್ಳಿ. ಅಕ್ಷದ ಮೇಲೇ ಅನಂತ ಕೆಟ್ಟ ಬಿಂದುಗಳಿದ್ದರೆ ಆ ಸರಳರೇಖೆಯೇ ಸಾಕ್ಷಿ. ಇಲ್ಲದಿದ್ದರೆ ಅಕ್ಷದ ಒಂದು ಬದಿಯಲ್ಲಿರುವ ಬಿಂದುಗಳನ್ನು ಆರಿಸಿಕೊಳ್ಳಿ. ಹಿಂದಿನ ಬಿಂದುವಿಗಿಂತ ಮುಂದಿನದು ಮೂಲಬಿಂದುವಿಗೆ ಬಹಳ ಬಹಳ ಹತ್ತಿರವಿರುವಂತೆ ಆರಿಸಿದರೆ, ಜೋಡಿಸುವ ತುಂಡುರೇಖೆಗಳ ಇಳಿಜಾರು ಒಂದೇ ಸಮನೆ ಕಡಿಮೆಯಾಗುತ್ತ ಬರುತ್ತದೆ. ಹಾಗೆ ಸಿಕ್ಕ ಬಹುಭುಜರೇಖೆ ಒಂದೇ ಕಡೆಗೆ ಬಾಗಿರುತ್ತದೆ. ಕೆಟ್ಟ ಬಿಂದುಗಳು ಕೈಬಿಡದಂತೆ ಅದರ ಮೂಲೆಗಳನ್ನು ನುಣುಪು ಮಾಡಿದರೆ ಬೇಕಾದ ವಕ್ರರೇಖೆ ಸಿಕ್ಕಿತು.

ಪರೀಕ್ಷೆಯನ್ನು ಎರಡು ಬಾರಿ ಅವಕಲಿಸಬಹುದಾದ, ಎಲ್ಲೂ ನಿಲ್ಲದೆ ಸಾಗುವ ರೇಖೆಗಳಿಗೆ ಸೀಮಿತಗೊಳಿಸಿದರೆ ಸಾಲದು ಎಂದೂ ರೋಸೆಂತಾಲ್ ತೋರಿಸಿದ. ಅದಕ್ಕೆ ನಮ್ಮ ಫಲನದ ಮತ್ತೊಬ್ಬ ನೆಂಟನನ್ನೇ ಸಾಕ್ಷಿಗೆ ಕರೆಯಬಹುದು:

x³y² / (x⁶ + y⁴)

ಎರಡು ಬಾರಿ ಅವಕಲಿಸಬಹುದಾದ ರೇಖೆ x-ಅಕ್ಷವನ್ನು ಮೂಲಬಿಂದುವಿನಲ್ಲಿ ಸ್ಪರ್ಶಿಸಿದರೆ ಅಲ್ಲಿ |y| ಯಾವುದೋ ಒಂದು K ಗೆ Kx² ಅನ್ನು ಮೀರುವುದಿಲ್ಲ. ಆಗ ಈ ಫಲನದ ಗಾತ್ರ K²|x| ಗಿಂತ ಹೆಚ್ಚಾಗದೆ ಸೊನ್ನೆಗೆ ಹೋಗುತ್ತದೆ. ರೇಖೆ ಓರೆಯಾಗಿ ಬಂದರೂ, y-ಅಕ್ಷವನ್ನು ಸ್ಪರ್ಶಿಸಿ ಬಂದರೂ ಇಷ್ಟೇ ಸುಲಭದ ಲೆಕ್ಕದಿಂದ ಸೊನ್ನೆಯೇ ಸಿಗುತ್ತದೆ. ಫಲನ ಅರ್ಧದಲ್ಲಿ ನಿಲ್ಲುವುದು y² = x³ ಎಂಬ ರೇಖೆಯ ಮೇಲೆ. ಅದರ ಮೇಲಿನ ಅರ್ಧ, y = x√x, ಒಂದೇ ಕಡೆಗೆ ಬಾಗಿದೆ, ಮೂಲಬಿಂದುವಿನಲ್ಲಿ ಅದಕ್ಕೆ ಮಟ್ಟಸವಾದ ಸ್ಪರ್ಶರೇಖೆಯೂ ಇದೆ. ಆದರೆ ಅದರ ಎರಡನೆಯ ನಿಷ್ಪನ್ನ 3/(4√x), ಮೂಲಬಿಂದುವಿನ ಬಳಿ ಅದು ಮಿತಿಮೀರಿ ಬೆಳೆಯುತ್ತದೆ. ಆದ್ದರಿಂದ ರೋಸೆಂತಾಲನ ಪಟ್ಟಿಯಲ್ಲಿ ಈ ರೇಖೆಗೆ ಜಾಗವಿದೆ, ಎರಡು ಬಾರಿ ಅವಕಲಿಸಬಹುದಾದವುಗಳ ಪಟ್ಟಿಯಲ್ಲಿ ಇಲ್ಲ.